ಹೆಸರು ಬದಲಾಯಿಸಲಾಗಿದೆ

ಮೀನುಗಾರ ಕುಟುಂಬಗಳ ಸಾಲದ ಕುರಿತು ಸಂಶೋಧನಾ ಸಂಸ್ಥೆಯೊಂದು ಸಿದ್ಧಪಡಿಸಿದ ವರದಿಯು ಉಡುಪಿ ಜಿಲ್ಲೆಯ ಕಡಲತಡಿಯ ಒಂದು ಊರಿಗೆ ಈಚೆಗೆ ತಲುಪಿತು. ಸಂದರ್ಶನ ನೀಡಿದವರ ಗುರುತನ್ನು ಸಂಪೂರ್ಣವಾಗಿ ಮರೆಮಾಡಲಾಗಿದೆ ಎಂದು ಅದರ ಮುನ್ನುಡಿಯಲ್ಲೇ ದಪ್ಪಕ್ಷರದಲ್ಲಿ ಘೋಷಿಸಲಾಗಿದೆ. ಊರಿನ ಹೆಸರನ್ನು ಎಲ್ಲಿಯೂ ಹೇಳಿಲ್ಲ. 1901ರಲ್ಲಿ ಕಟ್ಟಿದ ದೀಪಸ್ತಂಭದ ದಕ್ಷಿಣಕ್ಕಿರುವ ಮೊದಲ ಊರು ಎಂದಷ್ಟೇ ಹೇಳಲಾಗಿದೆ. ಕಾಪುವಿನ ದೀಪಸ್ತಂಭದ ಹೆಸರನ್ನೇ ಕೇಳದವರು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ, ಅವರ ಮಟ್ಟಿಗೆ ಈ ಗುಟ್ಟು ಭದ್ರವಾಗಿದೆ.

ವರದಿಯಲ್ಲಿ ಮಾತನಾಡುವ ಮಹಿಳೆಯೊಬ್ಬರ ಪರಿಚಯ ಹೀಗಿದೆ: ಲಲಿತಾ (ಹೆಸರು ಬದಲಾಯಿಸಲಾಗಿದೆ), 58 ವರ್ಷ, ವಿಧವೆ, ಮೀನು ಮಾರಾಟಗಾರ್ತಿ, ಗ್ರಾಮ ಪಂಚಾಯತ್‌ನ ಮಾಜಿ ಅಧ್ಯಕ್ಷೆ, ಮಗ ಮಸ್ಕತ್‌ನಲ್ಲಿ. ಆ ಊರಿನಲ್ಲಿರುವುದು 70 ಮನೆ. ಮೀನು ಮಾರುವ ಹೆಂಗಸರು 22 ಮಂದಿ, ಅವರಲ್ಲಿ ಐವತ್ತು ದಾಟಿದವರು ಒಂಬತ್ತು, ವಿಧವೆಯರು ನಾಲ್ವರು, ಪಂಚಾಯತ್ ಅಧ್ಯಕ್ಷೆಯಾಗಿದ್ದವರು ಒಬ್ಬರೇ. ಮಸ್ಕತ್‌ನ ಮಗನನ್ನು ಪ್ರಾಯಶಃ ಅಲಂಕಾರಕ್ಕೆ ಸೇರಿಸಿರಬೇಕು, ಏಕೆಂದರೆ ಅಷ್ಟು ಹೊತ್ತಿಗೆ ಓದುಗರು ಅವರ ಮನೆಯ ಅಂಗಳಕ್ಕೇ ಬಂದು ನಿಂತಿರುತ್ತಾರೆ.

ಲಲಿತಾ ಹೇಳಿದ್ದಾದರೂ ಏನು? “ಧಣಿಗಳ ದುಡ್ಡು ತಕೊಂಡ ಮೇಲೆ ಅವರು ಹೇಳಿದ ರೇಟಿಗೇ ಮೀನು ತಕೊಳ್ಬೇಕಾಗ್ತದೆ. ಬೋಟು ನಿಂತ ಎರಡು ತಿಂಗಳಿಗೂ ಬಡ್ಡಿ ಉಂಟು.” ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಕರಾವಳಿಯಲ್ಲಿ ಈ ಮಾತನ್ನು ಯಾರು ಬೇಕಾದರೂ ಆಡಬಹುದಿತ್ತು. ಆಡಿದವರು ಯಾರೆಂಬುದನ್ನು ಪರಿಚಯದ ಒಂದೂವರೆ ಸಾಲು ಹೇಳಿಬಿಟ್ಟಿತು. ಧಣಿಗಳು ಯಾರೆಂಬುದನ್ನು “ಊರಿನ ಏಕೈಕ ಪರ್ಸೀನ್ ಬೋಟಿನ ಮಾಲಕರು” ಎಂಬ ಅಡಿಟಿಪ್ಪಣಿ ಹೇಳಿತು. ಸಂಸ್ಥೆಯವರು ಲಲಿತಾ ಅವರನ್ನು ದೆಹಲಿಯ ಅಪರಿಚಿತ ಓದುಗನಿಂದ ಬಹಳ ಶ್ರದ್ಧೆಯಿಂದ ಕಾಪಾಡಿದ್ದಾರೆ. ಆದರೆ ಆ ಓದುಗನಿಗೆ ಅವರಿಂದ ಆಗಬೇಕಾದ್ದು ಏನೂ ಇಲ್ಲ. ಮರುದಿನ ಬೆಳಿಗ್ಗೆ ಅವರಿಗೆ ಸಾಲಕ್ಕೆ ಮೀನು ಕೊಡುವುದಿಲ್ಲ ಎಂದವರು ಧಣಿಗಳು.

ಇನ್ನೊಂದು ಜಾಣತನವೂ ಇದೆ. ವರದಿಯುದ್ದಕ್ಕೂ ಲಲಿತಾ ಅವರ ಮಾತುಗಳಿಗೆಲ್ಲ “ಲಲಿತಾ” ಎಂಬ ಒಂದೇ ಹೆಸರನ್ನು ನಿಷ್ಠೆಯಿಂದ ಬಳಸಲಾಗಿದೆ. ನಾಲ್ಕನೆಯ ಅಧ್ಯಾಯದಲ್ಲಿ ಸೊಸೆಯ ಬಗ್ಗೆ ಆಡಿದ ಮಾತು ಬಿಡಿಯಾಗಿದ್ದರೆ ಊರಿನ ಯಾವ ಅತ್ತೆಯದಾದರೂ ಆಗಬಹುದಿತ್ತು. ಎರಡನೆಯ ಅಧ್ಯಾಯದಲ್ಲೇ ಲಲಿತಾ ಯಾರೆಂದು ತಿಳಿದಿದ್ದ ಸೊಸೆಗೆ ಆ ಅನುಮಾನದ ಲಾಭವನ್ನು ಕೊಡಲು ಸಾಧ್ಯವಾಗಲಿಲ್ಲ.

ಈ ಪರಂಪರೆ ಹಳೆಯದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಣ್ಣ ಊರೊಂದರ ಕುರಿತು 1958ರಲ್ಲಿ ಹೊರಬಂದ ಅಧ್ಯಯನದಲ್ಲಿಯೂ ಊರಿಗೆ, ಜನರಿಗೆ ಕಲ್ಪಿತ ಹೆಸರುಗಳನ್ನಿಟ್ಟಿದ್ದರು. ಊರಿನವರು ಜುಲೈ 4ರ ಮೆರವಣಿಗೆಯಲ್ಲಿ ಮುಖವಾಡ ಧರಿಸಿ, ಅದೇ ಕಲ್ಪಿತ ಹೆಸರುಗಳನ್ನು ಹೊತ್ತು ಸಾಗಿದರು. ಕೊನೆಗೆ ಗೊಬ್ಬರ ಎರಚುವ ಬಂಡಿಯೊಂದರಲ್ಲಿ ಸಂಶೋಧಕನ ಪ್ರತಿಕೃತಿ ಬಂತು. ನಮ್ಮವರು ಸಭ್ಯರು, ಅವರು ಪತ್ರ ಬರೆದರು.

ಪತ್ರಕ್ಕೆ ಬೆದರಿದ ಸಂಸ್ಥೆಯು ಪರಿಷ್ಕೃತ ಆವೃತ್ತಿಯನ್ನು ತಂದಿತು. ಅದರಲ್ಲಿ ಲಲಿತಾ ಶಂಕರಪುರದ ಮಲ್ಲಿಗೆ ಬೆಳೆಗಾರ್ತಿಯಾಗಿದ್ದಾರೆ. ಮಾತನ್ನು ಮಾತ್ರ ಮುಟ್ಟಿಲ್ಲವಾದ್ದರಿಂದ, ಬೋಟು ನಿಂತ ಎರಡು ತಿಂಗಳು ಮಲ್ಲಿಗೆ ಬೆಳೆಗಾರ್ತಿಯು ಬಡ್ಡಿ ಕಟ್ಟುವ ಅಪೂರ್ವ ಆರ್ಥಿಕ ವಿದ್ಯಮಾನವೊಂದು ಸಂಶೋಧನಾ ಲೋಕಕ್ಕೆ ಲಭ್ಯವಾಗಿದೆ. ವಾದವು ನಿಂತಿರುವುದೇ ಮೀನಿನ ಕಸುಬಿನ ಮೇಲೆ, ಅದನ್ನು ಬದಲಿಸಬಾರದಿತ್ತು. ವಾದಕ್ಕೆ ಬೇಡದ ಅಧ್ಯಕ್ಷಗಿರಿ, ವೈಧವ್ಯ ಮತ್ತು ಮಸ್ಕತ್ ಮೂರನ್ನೂ ಕೈಬಿಟ್ಟು, “ಐವತ್ತು ದಾಟಿದ ಮೀನು ಮಾರಾಟಗಾರ್ತಿ” ಎಂದಿದ್ದರೆ ಒಂಬತ್ತು ಮಂದಿಯ ನಡುವೆ ಅವರು ನಿಲ್ಲುತ್ತಿದ್ದರು. ಸೊಸೆಯ ಮಾತಿಗೆ ಹೆಸರನ್ನೇ ಹಾಕದಿದ್ದರೆ ಎರಡು ಮಾತುಗಳ ನಡುವಿನ ಕೊಂಡಿಯೂ ತಪ್ಪುತ್ತಿತ್ತು. ಆ ಒಂಬತ್ತರಲ್ಲಿ ಧಣಿಗಳಿಂದ ಮುಂಗಡ ಪಡೆದವರು ಅವರೊಬ್ಬರೇ ಆಗಿದ್ದರೆ ಅಷ್ಟೂ ಸಾಲದು. ಆಗ ಮಾತೇ ಗುರುತು. ಅದು ಹೌದೋ ಅಲ್ಲವೋ ಎಂಬುದು ಸಂಸ್ಥೆಯ ಕಚೇರಿಯಲ್ಲಿ ಕುಳಿತವರಿಗೆ ತಿಳಿಯುವಂಥದ್ದಲ್ಲ. ಅಚ್ಚಿಗೆ ಮೊದಲು ಆ ಸಾಲನ್ನು ಅವರಿಗೇ ಓದಿ ಹೇಳಿ, ಇದನ್ನು ಕೇಳಿದರೆ ನೆರೆಯವರಿಗೆ ಯಾರ ನೆನಪಾಗುತ್ತದೆ ಎಂದು ವಿಚಾರಿಸಬೇಕಿತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಾಗಿದೆ ಎಂದು ಸಂಸ್ಥೆ ಹೇಳುತ್ತದೆ. ಹಾಕಿಸಿಕೊಂಡದ್ದು ಸಂದರ್ಶನ ಆರಂಭವಾಗುವ ಮೊದಲು, ಅಂದರೆ ತಾನೇನು ಹೇಳಲಿದ್ದೇನೆಂಬುದು ಅವರಿಗೂ ಗೊತ್ತಿಲ್ಲದಿದ್ದಾಗ.

ಮೂರನೆಯ ಆವೃತ್ತಿಯ ಸಿದ್ಧತೆ ಈಗ ನಡೆದಿದೆ. ತಮ್ಮ ಗುರುತು ಯಾರಿಗೂ ಪತ್ತೆಯಾಗಿಲ್ಲ ಎಂಬ ದೃಢೀಕರಣ ಪತ್ರವನ್ನು ಪೂರ್ಣ ಹೆಸರು, ಮನೆಯ ವಿಳಾಸ ಹಾಗೂ ಇತ್ತೀಚಿನ ಭಾವಚಿತ್ರದೊಂದಿಗೆ ಕೊಡುವಂತೆ ಲಲಿತಾ ಅವರನ್ನು ಕೋರಲಾಗಿದ್ದು, ಅದನ್ನು ವರದಿಯ ಅನುಬಂಧದಲ್ಲಿ ಪ್ರಕಟಿಸಲಾಗುವುದು.