ಮೊದಲ ಗಿರಾಕಿಗಳ ಮೆಸೇಜ್: ಒಂದು ಸ್ಪಷ್ಟನೆ

"ಮೊದಲು ಕೊಳ್ಳುವ 16% ಜನರೆಲ್ಲ ಅರ್ಲಿ ಅಡಾಪ್ಟರ್‌ಗಳು. ಅವರಿಗೆ ಡಿಸ್ಕೌಂಟ್ ಕೊಟ್ಟರೆ ಸಾಕು."

ಡೊಂಬಿವಲಿಯ ನಮ್ಮ ವ್ಯಾಪಾರಿ ಗ್ರೂಪಿನಲ್ಲಿ ಓಡಾಡುತ್ತಿರುವ ಈ ಮೆಸೇಜ್ ತಪ್ಪು. ನಾನೂ ಸುಮ್ನೆ ಫಾರ್ವರ್ಡ್ ಮಾಡಿದ್ದೆ.

ಹೊಸ ವಸ್ತುವನ್ನು ಯಾರು ಮೊದಲು, ಯಾರು ನಂತರ ಕೊಳ್ಳುತ್ತಾರೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಎವರೆಟ್ ರೋಜರ್ಸ್ 1962ರಲ್ಲಿ ಮಾಡಿದ ವಿಂಗಡಣೆಯಲ್ಲಿ ಮೊದಲ 2.5% ಇನ್ನೋವೇಟರ್‌ಗಳು. ನಂತರದ 13.5% ಮಾತ್ರ ಅರ್ಲಿ ಅಡಾಪ್ಟರ್‌ಗಳು. ಈ ಶೇಕಡಾ ಲೆಕ್ಕ ಕೊನೆಗೆ ಕೊಳ್ಳುವವರೆಲ್ಲರದ್ದು, ಇಡೀ ಊರಿನದ್ದಲ್ಲ.

ನಿಮ್ಮ ರಾಗಿ ದೋಸೆ ಹಿಟ್ಟನ್ನು ಕೊನೆಗೆ 200 ಮನೆಯವರು ಕೊಳ್ಳುತ್ತಾರೆ ಅನ್ನಿ. ಮೊದಲ 5 ಮನೆಯವರು ಹೊಸದೇನು ಬಂದರೂ ಕೊಳ್ಳುವವರು. ಅವರನ್ನು ನೋಡಿ ಪಕ್ಕದವರು ಕೊಳ್ಳೋದು ಕಡಿಮೆ. ಮುಂದಿನ 27 ಮನೆಯವರು, ಅಂದರೆ ಅರ್ಲಿ ಅಡಾಪ್ಟರ್‌ಗಳು, ಬೇರೆ. "ಅಕ್ಕಾ, ಹಿಟ್ಟು ಹುಳಿ ಬರುತ್ತಾ?" ಅಂತ ಸೊಸೈಟಿಯವರು ಕೇಳೋದು ಇವರನ್ನೇ. ಇವರಿಗೆ ರಿಯಾಯಿತಿಗಿಂತ ಒಂದು ಸ್ಯಾಂಪಲ್ ಪ್ಯಾಕೆಟ್ ಕೊಟ್ಟು, ದೋಸೆ ಹುಯ್ದು ತೋರಿಸಿದರೆ ಜಾಸ್ತಿ ಕೆಲಸವಾಗುತ್ತದೆ.

ಆ ಮೆಸೇಜ್ ಇನ್ನು ಮುಂದೆ ಕಳಿಸಬೇಡಿ.