ಟೈಲ್ಸ್ ಶೋರೂಮ್ ಓಪನಿಂಗ್ ಅನೌನ್ಸ್‌ಮೆಂಟ್: ಕೇಳುವವರ ಕಿವಿಗೆ ಸಿಗೋದು 24 ಸೆಕೆಂಡ್

ಮೈಕ್ ಕಟ್ಟಿಕೊಂಡು ಓಡಾಡುವ ಗಾಡಿಗಳಿಗೆ ಸ್ಕ್ರಿಪ್ಟ್ ಬರೆದುಕೊಡುವುದು ನನ್ನ ಕೆಲಸಗಳಲ್ಲಿ ಒಂದು. ಹೊಸ ಟೈಲ್ಸ್ ಶೋರೂಮ್ ತೆರೆಯುವವರು ಬಂದರೆ ಹೆಚ್ಚಾಗಿ ಆಹ್ವಾನ ಪತ್ರಿಕೆಯನ್ನೇ ಕೈಗೆ ಕೊಡುತ್ತಾರೆ. ಇದನ್ನೇ ಸ್ವಲ್ಪ ಜೋರಾಗಿ ಓದಿಸಿ ಸರ್, ಹಿಂದೆ ಒಂದು ಒಳ್ಳೆ ಮ್ಯೂಸಿಕ್ ಹಾಕಿ ಅಂತಾರೆ. ನಾನು ಆಗಲ್ಲ ಅಂತೀನಿ. ಅಲ್ಲಿಂದ ವಾದ ಶುರು. ಪ್ರತಿ ಸಲ ಇದನ್ನೇ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲಿ ಪೂರ್ತಿ ಬರೆದುಬಿಡ್ತೀನಿ.

ಮೊದಲು ಒಂದು ಚಿಕ್ಕ ಲೆಕ್ಕ. ಗಾಡಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ ನಾಲ್ಕು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮನೆಗಳಿರುವ ಬೀದಿಯಲ್ಲಿ, ಟ್ರಾಫಿಕ್ ಸದ್ದಿನ ನಡುವೆ, ಮಾತು ಅರ್ಥವಾಗುವಂತೆ ಕೇಳೋದು ಗಾಡಿ ಸುಮಾರು 50 ಮೀಟರ್ ಹತ್ತಿರ ಬಂದಾಗಿನಿಂದ ದಾಟಿ 50 ಮೀಟರ್ ಹೋಗುವ ತನಕ ಅಂತ ಇಟ್ಟುಕೊಳ್ಳೋಣ. ಒಟ್ಟು 100 ಮೀಟರ್, ಅಂದರೆ 24 ಸೆಕೆಂಡ್. ಸದ್ದು ಅದಕ್ಕಿಂತ ದೂರಕ್ಕೂ ಕೇಳುತ್ತೆ, ಆದರೆ ಅದು ಬರೀ ಸದ್ದು, ಮಾತು ಅಲ್ಲ. ಡ್ರೈವರ್‌ಗೆ ಅವಸರವಾಗಿ 30ರಲ್ಲಿ ಹೊಡೆದರೆ ಬರೀ 12 ಸೆಕೆಂಡ್. ಹಾರ್ನ್ ಸ್ಪೀಕರ್ ಒಂದೇ ಇದ್ದು ಅದು ಮುಂದಕ್ಕೆ ಮುಖ ಮಾಡಿದ್ದರೆ ಗಾಡಿ ದಾಟಿದ ಮೇಲಿನ ಅರ್ಧವೂ ಮಸುಕು. ಮಾತನ್ನು ಬಿಡಿಸಿ ತೋರಿಸುವ ಸ, ಶ, ತ, ಟ ಥರದ ಅಕ್ಷರಗಳ ಸದ್ದು ಹಾರ್ನಿನ ಬಾಯಿ ಯಾವ ಕಡೆ ಇದೆಯೋ ಆ ಕಡೆಗೇ ಜಾಸ್ತಿ ಹೋಗೋದು. ಹಿಂದೆ ನಿಂತವರಿಗೆ ಆ ಊ ಓ ಮಾತ್ರ. ಅದಕ್ಕೇ ಎರಡು ಹಾರ್ನ್, ಒಂದು ಮುಂದಕ್ಕೆ ಒಂದು ಹಿಂದಕ್ಕೆ ಕಟ್ಟಬೇಕು.

ಇನ್ನೊಂದು ವಿಷಯ. ಕೇಳುವವರಿಗೆ ನಿಮ್ಮ ರೆಕಾರ್ಡಿಂಗ್ ಮೊದಲಿಂದ ಸಿಗೋದಿಲ್ಲ. ಗಾಡಿ ಅವರ ಮನೆ ಮುಂದೆ ಬಂದಾಗ ಪೆನ್‌ಡ್ರೈವ್ ಎಲ್ಲಿ ಓಡುತ್ತಿರುತ್ತೋ ಅಲ್ಲಿಂದ 24 ಸೆಕೆಂಡ್. ಈಗ ಆಹ್ವಾನ ಪತ್ರಿಕೆಯನ್ನು ಇದರ ಮೇಲಿಟ್ಟು ನೋಡಿ. ಸಮಸ್ತ ನಾಗರಿಕ ಬಂಧುಗಳಲ್ಲಿ ವಿನಂತಿ, ಬಹುದಿನಗಳ ಕನಸು ನನಸಾಗುವ ಶುಭ ಸಂದರ್ಭ, ಆಮೇಲೆ ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಅವರವರ ಹುದ್ದೆಗಳು, ಆಮೇಲೆ ಸರ್ವರಿಗೂ ಆದರದ ಸ್ವಾಗತ. ನಿಧಾನವಾಗಿ ಓದಿದರೆ ಎರಡು ನಿಮಿಷ ಬೇಕು. ಅದರಲ್ಲಿ ಅಂಗಡಿ ಹೆಸರು ಬರೋದು ಎರಡು ಸಲ, ಜಾಗ ಒಂದೇ ಸಲ, ಅದೂ ಕೊನೆಯಲ್ಲಿ. ಎರಡು ನಿಮಿಷದ ಲೂಪಿನಲ್ಲಿ 24 ಸೆಕೆಂಡ್ ಅಂದರೆ ಐದನೇ ಒಂದು ಭಾಗ. ಒಂದು ಬೀದಿಯ ಜನಕ್ಕೆ ಅತಿಥಿಗಳ ಹೆಸರು ಮಾತ್ರ ಕೇಳುತ್ತೆ, ಯಾವ ಅಂಗಡಿ ಅಂತ ಗೊತ್ತಾಗಲ್ಲ. ಪಕ್ಕದ ಬೀದಿಗೆ ಶುಭ ಸಂದರ್ಭ ಮಾತ್ರ. ಇದೇನು ಮದುವೆಯಾ, ಸಭೆಯಾ, ಅಂಗಡಿಯಾ ಅಂತ ತಿಳಿಯೋ ಮೊದಲೇ ಗಾಡಿ ತಿರುವಿನಲ್ಲಿ ಮಾಯ. ಅತಿಥಿಗಳ ಹೆಸರು ಪತ್ರಿಕೆಯಲ್ಲಿರಲಿ, ಬ್ಯಾನರಿನಲ್ಲಿರಲಿ, ವೇದಿಕೆಯಲ್ಲಿ ಹತ್ತು ಸಲ ಹೇಳಿ, ನನ್ನದೇನೂ ತಕರಾರಿಲ್ಲ. ಗಾಡಿಯಲ್ಲಿ ಮಾತ್ರ ಬೇಡ.

ಹಾಗಾದರೆ ಏನಿರಬೇಕು? ಇಡೀ ಲೂಪೇ 24 ಸೆಕೆಂಡಿನೊಳಗೆ ಮುಗಿಯಬೇಕು. ಆಗ ಎಲ್ಲಿಂದ ಕೇಳಲು ಶುರು ಮಾಡಿದರೂ ಎಲ್ಲವೂ ಒಂದು ಸಲ ಕಿವಿಗೆ ಬೀಳುತ್ತೆ. ಬೀದಿಯಲ್ಲಿ ಕೇಳೋ ಹಾಗೆ ಬಿಡಿಬಿಡಿಯಾಗಿ ಓದಿದರೆ ಕನ್ನಡದಲ್ಲಿ ಇಷ್ಟು ಹೊತ್ತಿಗೆ ಮೂವತ್ತರಿಂದ ಮೂವತ್ತೈದು ಪದ ಹಿಡಿಸುತ್ತವೆ, ಅಷ್ಟೇ. ನಮ್ಮ ಪದಗಳು ಉದ್ದ. ಅವಸರದಲ್ಲಿ ಓದಿಸಿ ಐವತ್ತು ತುರುಕಬಹುದು, ಆದರೆ ಎದುರು ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಮುಂದಿನ ಪದದ ಮೇಲೆ ಕೂರುತ್ತೆ. 30 ಮೀಟರ್ ದೂರದ ಕಟ್ಟಡದಿಂದ ಪ್ರತಿಧ್ವನಿ ಬರೋಕೆ ಸೆಕೆಂಡಿನ ಆರನೇ ಒಂದು ಭಾಗ ಸಾಕು, ಹೆಚ್ಚುಕಮ್ಮಿ ಒಂದು ಅಕ್ಷರ ಹೇಳುವಷ್ಟು ಹೊತ್ತು. ಅದಕ್ಕೇ ವಾಕ್ಯ ಮುಗಿದ ಕಡೆ ಉಸಿರು ಬಿಡಬೇಕು.

ನಾನು ಕೊಡೋದು ಹೀಗಿರುತ್ತೆ, ಚುಕ್ಕಿ ಇರುವ ಕಡೆ ಅಂಗಡಿ ಹೆಸರು:

"ಹೊಸ ಟೈಲ್ಸ್ ಶೋರೂಮ್! ….. ಟೈಲ್ಸ್. ಬಸ್ ನಿಲ್ದಾಣದ ಎದುರು. ಇದೇ ಭಾನುವಾರ ಓಪನಿಂಗ್. ನೆಲಕ್ಕೆ, ಗೋಡೆಗೆ, ಬಾತ್‌ರೂಮಿಗೆ, ಪಾರ್ಕಿಂಗಿಗೆ, ಎಲ್ಲ ಟೈಲ್ಸ್ ಒಂದೇ ಕಡೆ. ನಿಮ್ಮ ಮನೆ ಅಳತೆ ತನ್ನಿ, ಎಷ್ಟು ಬಾಕ್ಸ್ ಬೇಕು ಲೆಕ್ಕ ಹಾಕಿ ಕೊಡ್ತೀವಿ. ….. ಟೈಲ್ಸ್. ಬಸ್ ನಿಲ್ದಾಣದ ಎದುರು."

ಇಷ್ಟೇ. ಹೆಸರು ಎರಡು ಸಲ, ಜಾಗ ಎರಡು ಸಲ, ದಿನ ಒಂದು ಸಲ. ಟೈಲ್ಸ್ ಅನ್ನೋ ಪದ ನಾಲ್ಕು ಸಲ ಬಂತು, ಬೇಕಂತಲೇ. ಕೊನೆಗೆ ಒಂದು ಸೆಕೆಂಡ್ ಮೌನ, ಮತ್ತೆ ಮೊದಲಿಂದ.

ಮಾಲೀಕರು ಇದನ್ನು ಓದಿ ಕೇಳುವ ಮೊದಲ ಪ್ರಶ್ನೆ, ವೆರೈಟಿ ಎಲ್ಲಿ ಹೇಳಿದ್ರಿ? ಜಿವಿಟಿ ಇದೆ, ಪಿಜಿವಿಟಿ ಇದೆ, ಡಬಲ್ ಚಾರ್ಜ್ ಇದೆ, ಎರಡು ಬೈ ಎರಡು, ಎರಡು ಬೈ ನಾಲ್ಕು ಎಲ್ಲಾ ಸೈಜ್ ಇದೆ. ಸರಿ, ಹಾರ್ನಿನಲ್ಲಿ ಒಮ್ಮೆ ಜಿವಿಟಿ, ಪಿಜಿವಿಟಿ ಅಂತ ಹೇಳಿಸಿ 40 ಮೀಟರ್ ದೂರ ನಿಂತು ಕೇಳಿ. ಮೊದಲಿನ 'ಪಿ' ಗಾಳಿಯಲ್ಲಿ ಹೋಗಿ ಎರಡೂ ಒಂದೇ ಆಗುತ್ತೆ. ಎರಡು ಬೈ ಎರಡು, ಎರಡು ಬೈ ನಾಲ್ಕು ಅನ್ನೋದು ಮಗ್ಗಿ ಹೇಳಿದ ಹಾಗಿರುತ್ತೆ. ಅದೂ ಅಲ್ಲದೆ ಈ ಹೆಸರುಗಳು ಗೊತ್ತಿರುವ ಟೈಲ್ಸ್ ಮೇಸ್ತ್ರಿಗೆ ಅಂಗಡಿಯಲ್ಲಿ ಇವೆಲ್ಲ ಇದ್ದೇ ಇರುತ್ತೆ ಅಂತಲೂ ಗೊತ್ತು. ಮನೆ ಕಟ್ಟಿಸುತ್ತಿರುವವರಿಗೆ ಈ ಹೆಸರು ಬೇಕಾಗಿಲ್ಲ. ಅವರಿಗೆ ಬಾತ್‌ರೂಮಿನಲ್ಲಿ ಜಾರಬಾರದು, ಪಾರ್ಕಿಂಗಲ್ಲಿ ಕಾರು ಹತ್ತಿದರೆ ಒಡೀಬಾರದು. ಅದಕ್ಕೇ ಟೈಲ್ಸ್ ಹೆಸರಿನ ಬದಲು ಅದನ್ನು ಹಾಕುವ ಜಾಗ ಹೇಳೋದು.

ಅಳತೆ ತನ್ನಿ ಅನ್ನೋ ಸಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನನ್ನ ಪ್ರಕಾರ ಇಡೀ ಸ್ಕ್ರಿಪ್ಟಿನ ಜೀವ ಇರೋದು ಅಲ್ಲಿ. ಟೈಲ್ಸ್ ದಿನಾ ಕೊಳ್ಳುವ ಸಾಮಾನಲ್ಲ. ಬೀದಿಯಲ್ಲಿ ಕೇಳಿದವರಲ್ಲಿ ಈಗ ಟೈಲ್ಸ್ ಬೇಕಾದ ಮನೆ ಒಂದೋ ಎರಡೋ ಇದ್ದರೆ ಹೆಚ್ಚು. ಆ ಒಂದು ಮನೆಯವರನ್ನು ಅಂಗಡಿ ತನಕ ಎಳೆಯೋಕೆ ಭಾರೀ ರಿಯಾಯಿತಿ ಅಂತ ಕೂಗಿದರೆ ಸಾಲದು, ಅದನ್ನು ಎಲ್ಲರೂ ಕೂಗ್ತಾರೆ. ಅವರ ತಲೆಯಲ್ಲಿ ಓಡುತ್ತಿರುವ ಪ್ರಶ್ನೆ ಎಷ್ಟು ಬೇಕಾಗುತ್ತೆ ಅನ್ನೋದು. ಹತ್ತು ಬೈ ಹನ್ನೆರಡರ ರೂಮು ಅಂದರೆ 120 ಚದರ ಅಡಿ. ಕಟಿಂಗ್, ಒಡೆಯೋದು ಅಂತ ನೂರಕ್ಕೆ ಹತ್ತು ಸೇರಿಸಿದರೆ 132. ಎರಡು ಬೈ ಎರಡರ ನಾಲ್ಕು ಟೈಲ್ಸ್ ಇರುವ ಬಾಕ್ಸನ್ನು ಬಾಯಲ್ಲಿ 16 ಚದರ ಅಡಿ ಅಂತಾರೆ, ಆದರೆ ಟೈಲ್ಸ್ ನಿಜವಾದ ಅಳತೆ 600 ಮಿಲಿಮೀಟರ್, ಎರಡು ಅಡಿಗಿಂತ ಸ್ವಲ್ಪ ಕಮ್ಮಿ. ಹಾಗಾಗಿ ಬಾಕ್ಸಿಗೆ ಸಿಗೋದು ಸುಮಾರು ಹದಿನೈದೂವರೆ ಚದರ ಅಡಿ. 132ಕ್ಕೆ ಒಂಬತ್ತು ಬಾಕ್ಸ್ ಬೇಕು, ಗೋಡೆಯ ಬುಡಕ್ಕೆ ಹಾಕುವ ಸ್ಕರ್ಟಿಂಗ್ ಬೇರೆ. ಕಮ್ಮಿ ತಂದು ಆಮೇಲೆ ಎರಡು ಬಾಕ್ಸ್ ತರೋಕೆ ಹೋದರೆ ಅದೇ ಡಿಸೈನ್ ಸಿಕ್ಕಿದರೂ ಬ್ಯಾಚ್ ಬೇರೆಯಾಗಿ ಬಣ್ಣದಲ್ಲಿ ವ್ಯತ್ಯಾಸ ಬರಬಹುದು. ಇದನ್ನೆಲ್ಲ ಗಾಡಿಯಲ್ಲಿ ಹೇಳೋಕಾಗಲ್ಲ. ಲೆಕ್ಕ ಹಾಕಿ ಕೊಡ್ತೀವಿ ಅಂದರೆ ಸಾಕು, ಅಳತೆ ಚೀಟಿ ಜೇಬಲ್ಲಿಟ್ಟುಕೊಂಡು ಬರುವವರು ನಿಜವಾದ ಗಿರಾಕಿ. ಆದರೆ ಒಂದು, ಹೇಳಿದ ಮೇಲೆ ಓಪನಿಂಗ್ ದಿನದ ಗದ್ದಲದಲ್ಲೂ ಲೆಕ್ಕ ಹಾಕೋಕೆ ಒಬ್ಬರನ್ನು ಕೂರಿಸಲೇಬೇಕು.

ಫೋನ್ ನಂಬರ್ ಹಾಕಿಸೋ ಹಟ ಬೇರೆ. ಹತ್ತು ಅಂಕಿ ಬಿಡಿಸಿ ಹೇಳೋಕೆ ಏಳೆಂಟು ಸೆಕೆಂಡ್, ಲೂಪಿನ ಮೂರನೇ ಒಂದು ಭಾಗ ಹೋಯ್ತು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿರುವವರು ಯಾರು ಪೆನ್ನು ಹಿಡ್ಕೊಂಡು ನಿಂತಿರ್ತಾರೆ, ಹೇಳಿ? ನಂಬರನ್ನು ಗಾಡಿಯ ಬ್ಯಾನರಿನಲ್ಲಿ ದೊಡ್ಡದಾಗಿ ಬರೆಸಿ. ಷರತ್ತುಗಳು ಅನ್ವಯ ಅಂತ ಕೊನೆಯಲ್ಲಿ ಗೊಣಗುವುದೂ ಅಷ್ಟೇ. ಷರತ್ತು ಹೇಳೋಕೆ ಜಾಗ ಇಲ್ಲದ ಆಫರನ್ನು ಗಾಡಿಯಲ್ಲಿ ಕೂಗಬೇಡಿ, ಬಂದವರ ಜೊತೆ ಮೊದಲ ದಿನವೇ ಜಗಳ ಆಗುತ್ತೆ.

ಮ್ಯೂಸಿಕ್ ವಿಷಯಕ್ಕೆ ಬಂದರೆ ನಾನು ತುಂಬಾ ಮೊಂಡ. ಹಾರ್ನ್ ಸ್ಪೀಕರಿನಲ್ಲಿ ತಬಲಾದ ಗುಂಗು, ಬೇಸ್ ಯಾವುದೂ ಬರೋದಿಲ್ಲ, ಅದು ಇರೋದೇ ಮಾತಿನ ಸದ್ದಿನ ಮಟ್ಟಕ್ಕೆ. ಮ್ಯೂಸಿಕ್ಕಿನಲ್ಲಿ ಉಳಿಯುವ ಭಾಗ ಸರಿಯಾಗಿ ಮಾತಿನ ಮೇಲೇ ಬಂದು ಕೂರುತ್ತೆ. ಸ್ಟುಡಿಯೋದ ಹೆಡ್‌ಫೋನಿನಲ್ಲಿ ಸೊಗಸಾಗಿರೋದು ಬೀದಿಯಲ್ಲಿ ಬರೀ ಗಲಾಟೆ. ಬೇಕಾದರೆ ಲೂಪಿನ ಮೊದಲಿಗೆ ಒಂದು ಸೆಕೆಂಡಿನ ಟಿಂಗ್ ಅನ್ನೋ ಸದ್ದು ಇರಲಿ, ಕಿವಿ ತಿರುಗಿಸೋಕೆ. ವಾಲ್ಯೂಮ್ ಪೂರ್ತಿ ಏರಿಸುವುದೂ ಇದೇ ಥರದ ತಪ್ಪು. ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿದರೆ ದನಿ ಕರಕರ ಅನ್ನುತ್ತೆ, ಜೋರಾಗುತ್ತೆ, ಅರ್ಥ ಮಾತ್ರ ಆಗಲ್ಲ. ಕರಕರ ಶುರುವಾದ ಕಡೆಯಿಂದ ನಾಬನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಜಾಸ್ತಿ ದೂರಕ್ಕೆ ಮಾತು ತಿಳಿಯುತ್ತೆ. ಆಸ್ಪತ್ರೆ, ಶಾಲೆ ಹತ್ತಿರ ಪೂರ್ತಿ ಆಫ್. ಅಲ್ಲಿ ಬೈಸಿಕೊಂಡ ಹೆಸರು ಅಂಗಡಿಯದ್ದೇ, ಡ್ರೈವರ್‌ದಲ್ಲ.

ಎಲ್ಲ ಸರಿ ಇದೆಯಾ ಅಂತ ನೋಡೋಕೆ ಗಾಡಿಯನ್ನೇ ಬೀದಿಗೆ ತಂದು ನೋಡಬೇಕು, ಮೊಬೈಲಲ್ಲಿ ಕೇಳಿದರೆ ಏನೂ ಗೊತ್ತಾಗಲ್ಲ. ಸ್ಕ್ರಿಪ್ಟ್ ಓದಿರದ ಯಾರನ್ನಾದರೂ ಮನೆಯೊಳಗೆ ಕಿಟಕಿ ತೆರೆದು ಕೂರಿಸಿ, ಗಾಡಿ ಒಂದೇ ಸಲ ದಾಟಿ ಹೋಗಲಿ. ಆಮೇಲೆ ಯಾವ ಅಂಗಡಿ, ಎಲ್ಲಿ, ಯಾವಾಗ ಅಂತ ಕೇಳಿ. ಮಾಲೀಕರನ್ನೇ ಕೂರಿಸಿದರೆ ಪ್ರಯೋಜನ ಇಲ್ಲ, ಅವರಿಗೆ ಸ್ವಂತ ಅಂಗಡಿ ಹೆಸರು ಎಷ್ಟೇ ಗದ್ದಲದಲ್ಲೂ ಕೇಳುತ್ತೆ. ಕೂತು ಕೇಳಿದವರು ಹೆಸರು ಹೇಳೋಕೆ ತಡವರಿಸಿದರೆ, ಹೆಸರಿನ ಮುಂದೆ ಹಿಂದೆ ಅರ್ಧ ಸೆಕೆಂಡ್ ಬಿಡುವು ಕೊಟ್ಟು ಮತ್ತೆ ರೆಕಾರ್ಡ್ ಮಾಡಿಸಿ.

ಕೊನೆಗೆ ಫೈಲ್‌ಗಳ ವಿಷಯ. ಒಂದಲ್ಲ, ಮೂರು ಬೇಕು. ಓಪನಿಂಗ್ ಮುಂಚಿನ ದಿನಗಳಿಗೆ 'ಇದೇ ಭಾನುವಾರ', ಆ ದಿನಕ್ಕೆ 'ಇವತ್ತು', ಆಮೇಲೆ 'ಶುರುವಾಗಿದೆ'. 'ನಾಳೆ' ಅನ್ನೋ ಪದ ಮಾತ್ರ ಯಾವುದರಲ್ಲೂ ಬೇಡ. ಯಾಕಂದ್ರೆ ಡ್ರೈವರ್ ಬೆಳಿಗ್ಗೆ ಸ್ವಿಚ್ ಹಾಕಿ ಹೊರಡ್ತಾರೆ, ಯಾವ ಫೈಲ್ ಓಡ್ತಿದೆ ಅಂತ ಯಾರೂ ನೋಡಲ್ಲ, ಶೋರೂಮಿನಲ್ಲಿ ರಿಬ್ಬನ್ ಕತ್ತರಿಸುವ ಹೊತ್ತಿಗೂ ಗಾಡಿ ಬೀದಿಬೀದಿಯಲ್ಲಿ ನಾಳೆ ಬನ್ನಿ ಅಂತ ಕೂಗುತ್ತಿರುತ್ತೆ. ಮೂರು ಫೈಲನ್ನು ಒಂದೇ ಪೆನ್‌ಡ್ರೈವಿಗೆ ಹಾಕಬೇಡಿ, ಪ್ಲೇಯರ್ ಒಂದಾದ ಮೇಲೊಂದು ಹಾಡಿಬಿಡುತ್ತೆ. ಮೂರು ಪೆನ್‌ಡ್ರೈವ್ ಕೊಡಿ, ಪ್ರತಿಯೊಂದರ ಮೇಲೂ ಬಿಳಿ ಟೇಪ್ ಅಂಟಿಸಿ ದಿನ ಬರೆಯಿರಿ, ಹಿಂದಿನ ದಿನದ್ದನ್ನು ಡ್ರೈವರ್ ಕೈಯಿಂದ ವಾಪಸ್ ಇಸ್ಕೊಂಡೇ ಮುಂದಿನದನ್ನು ಕೊಡಿ.