ಬ್ಯಾಟು ಉತ್ತರಿಸಬಲ್ಲ ಮಾತು, ಉತ್ತರಿಸಲಾರದ ಮಾತು

ಕ್ರಿಕೆಟ್ ಮೈದಾನದಲ್ಲಿ ಎದುರಾಳಿಯನ್ನು ಮಾತಿನಿಂದ ಕೆಣಕುವುದು ಎಲ್ಲಿಯವರೆಗೆ ಆಟ, ಎಲ್ಲಿಂದ ಮುಂದೆ ಬೈಗುಳ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಆಸ್ಟ್ರೇಲಿಯಾದ ವಿಕೆಟ್‌ಕೀಪರ್ ಆಗಿದ್ದ ಟಿಮ್ ಪೇನ್ ನೆನಪಾಗುತ್ತಾರೆ. ಸ್ಟಂಪ್ ಮೈಕ್ ಹಿಡಿದಿಟ್ಟ ಅವರ ಎರಡು ಮಾತುಗಳು ನಮ್ಮ ಮುಂದಿವೆ. ಒಂದು, 2018ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್ ಟೆಸ್ಟ್‌ನಲ್ಲಿ ರಿಷಭ್ ಪಂತ್ ಅವರಿಗೆ ಆಡಿದ್ದು. ಇನ್ನೊಂದು, 2021ರ ಜನವರಿ 11ರಂದು ಸಿಡ್ನಿಯಲ್ಲಿ ಆರ್. ಅಶ್ವಿನ್ ಅವರಿಗೆ ಆಡಿದ್ದು. ಆಡಿದ ಬಾಯಿ ಒಂದೇ, ನಿಂತದ್ದು ಅದೇ ಸ್ಟಂಪುಗಳ ಹಿಂದೆ, ಎದುರಾಳಿ ತಂಡವೂ ಅದೇ. ಆದರೂ ಮೊದಲನೆಯದನ್ನು ಎರಡೂ ದೇಶಗಳ ಪ್ರೇಕ್ಷಕರು ಇಂದಿಗೂ ನಗುತ್ತ ನೆನೆಯುತ್ತಾರೆ, ಎರಡನೆಯದಕ್ಕೆ ಪೇನ್ ಮರುದಿನವೇ ಬಹಿರಂಗವಾಗಿ ಕ್ಷಮೆ ಕೇಳಿದರು. ಈ ಎರಡರ ನಡುವೆ ಬದಲಾದದ್ದೇನು ಎಂಬುದನ್ನು ಸರಿಯಾಗಿ ಗಮನಿಸಿದರೆ ನಾವು ಹುಡುಕುವ ಗೆರೆ ಅಲ್ಲಿಯೇ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನಾನು ಹನ್ನೊಂದು ವರ್ಷ ಮ್ಯಾಟಿಂಗ್ ಪಿಚ್‌ಗಳ ಮೇಲೆ ಲೀಗ್ ಪಂದ್ಯಗಳಲ್ಲಿ ಕೀಪಿಂಗ್ ಮಾಡಿದವನು. ಬ್ಯಾಟ್ಸ್‌ಮನ್‌ಗೆ ಕೇಳುವಷ್ಟು ಹತ್ತಿರದಲ್ಲಿ ಇಡೀ ದಿನ ನಿಲ್ಲುವವನು ಕೀಪರ್ ಒಬ್ಬನೇ. ಆದ್ದರಿಂದ ಮಾತಾಡುವ ಕೆಲಸವೂ ಬಹುಮಟ್ಟಿಗೆ ಅವನ ಪಾಲಿಗೇ ಬರುತ್ತದೆ. ಮಾತಿಲ್ಲದ ಕ್ರಿಕೆಟ್ ಬೇಕೆಂದು ನಾನು ಎಂದೂ ಹೇಳುವವನಲ್ಲ. ಒಂದು ಎಸೆತಕ್ಕೂ ಮುಂದಿನ ಎಸೆತಕ್ಕೂ ನಡುವೆ ಇರುವ ಅರ್ಧ ನಿಮಿಷ ಬ್ಯಾಟ್ಸ್‌ಮನ್‌ನ ಮನಸ್ಸು ಕುದುರಿಕೊಳ್ಳುವ ಹೊತ್ತು. ಆ ಹೊತ್ತಿನಲ್ಲಿ ಅವನ ಗಮನವನ್ನು ಚೆಂಡಿನಿಂದ ಆಚೆ ಎಳೆಯಲು ಯತ್ನಿಸುವುದು, ಫೀಲ್ಡರನ್ನು ಬೇಕೆಂದೇ ಹತ್ತಿರ ಕರೆದು ನಿಲ್ಲಿಸಿದಷ್ಟೇ ನ್ಯಾಯವಾದ ತಂತ್ರ.

ಮೆಲ್ಬರ್ನ್‌ನಲ್ಲಿ ಪೇನ್ ಮಾಡಿದ್ದು ಇದನ್ನೇ. ಆಗಷ್ಟೇ ಧೋನಿ ಏಕದಿನ ತಂಡಕ್ಕೆ ಮರಳಿದ್ದರು. ಪಂತ್ ಬ್ಯಾಟ್ ಮಾಡುತ್ತಿದ್ದಾಗ ಪೇನ್ ಅದನ್ನೇ ಹಿಡಿದು, ಧೋನಿ ಬಂದರಲ್ಲ, ಇನ್ನು ನಿನಗೆ ಬಿಡುವು, ನಮ್ಮೂರಿನ ಹೋಬಾರ್ಟ್ ತಂಡಕ್ಕೆ ಬಂದುಬಿಡು, ಸಮುದ್ರದ ದಂಡೆಯಲ್ಲಿ ಮನೆ ಕೊಡಿಸೋಣ, ಮಕ್ಕಳನ್ನು ನೋಡಿಕೊಳ್ಳಲು ಬರುತ್ತದೆಯೇ, ಹಾಗಿದ್ದರೆ ನಾನು ಹೆಂಡತಿಯನ್ನು ಒಂದು ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಎಂಬರ್ಥದ ಮಾತುಗಳನ್ನು ಎಸೆತಗಳ ನಡುವೆ ಪೋಣಿಸಿದರು. ಇದರಲ್ಲಿ ಚುಚ್ಚು ಇಲ್ಲದೆ ಇಲ್ಲ. ತಂಡದಲ್ಲಿ ನಿನ್ನ ಸ್ಥಾನ ಭದ್ರವಲ್ಲ ಎಂದು ಇಪ್ಪತ್ತೊಂದು ವರ್ಷದ ಹುಡುಗನಿಗೆ ನೆನಪಿಸುವುದು ಸಣ್ಣ ಚುಚ್ಚಲ್ಲ. ಆದರೆ ಆ ಚುಚ್ಚು ಪಂತ್ ಅವರ ಆಟಕ್ಕೆ ತಗುಲಿದ್ದು, ಅದಕ್ಕೆ ಉತ್ತರ ಪಂತ್ ಅವರ ಬ್ಯಾಟಿನಲ್ಲಿಯೇ ಇತ್ತು. ಮಾತಿನಲ್ಲಿ ಹೆಂಡತಿ ಮಕ್ಕಳು ಬಂದರು ನಿಜ, ಆದರೆ ಬಂದದ್ದು ಪೇನ್ ಅವರ ಸ್ವಂತ ಹೆಂಡತಿ ಮಕ್ಕಳು. ಅವರು ಎದುರಾಳಿಯ ಮನೆಗೆ ನುಗ್ಗಲಿಲ್ಲ, ತಮ್ಮ ಮನೆಗೆ ಅವನನ್ನು ಕರೆದರು. ಆ ಸಣ್ಣ ವ್ಯತ್ಯಾಸವೇ ಆ ಮಾತನ್ನು ಕಾಪಾಡಿತು.

ಪಂತ್ ಮರುದಿನ ಪೇನ್ ಕ್ರೀಸಿಗೆ ಬಂದಾಗ ಸಾಲ ತೀರಿಸಿದರು. ಹತ್ತಿರದಲ್ಲಿ ಫೀಲ್ಡಿಂಗ್ ಮಾಡುತ್ತಿದ್ದ, ಅದೇ ಪಂದ್ಯದಲ್ಲಿ ಪಾದಾರ್ಪಣೆ ಮಾಡಿದ್ದ ನಮ್ಮ ಮಯಾಂಕ್ ಅಗರ್ವಾಲ್ ಅವರನ್ನು ಉದ್ದೇಶಿಸಿ, ಇವತ್ತು ವಿಶೇಷ ಅತಿಥಿ ಬಂದಿದ್ದಾರೆ, ತಾತ್ಕಾಲಿಕ ನಾಯಕ ಅಂತ ಎಲ್ಲಾದರೂ ಕೇಳಿದ್ದೀಯಾ ಎಂದರು. ಚೆಂಡು ವಿರೂಪಗೊಳಿಸಿದ ಪ್ರಕರಣದಲ್ಲಿ ಸ್ಟೀವ್ ಸ್ಮಿತ್ ನಿಷೇಧಕ್ಕೊಳಗಾಗಿದ್ದರಿಂದ ಪೇನ್ ಅವರಿಗೆ ನಾಯಕತ್ವ ಬಂದಿತ್ತು. ಹಾಗಾಗಿ ಆ ಒಂದು ವಿಶೇಷಣ ನೇರವಾಗಿ ನಾಟುವಂಥದ್ದು. ಅದೂ ಕ್ರಿಕೆಟ್ಟಿನದೇ ಮಾತು. ಹೊಸ ವರ್ಷದ ದಿನ ಎರಡೂ ತಂಡಗಳು ಆಸ್ಟ್ರೇಲಿಯಾದ ಪ್ರಧಾನಿಯ ನಿವಾಸದಲ್ಲಿ ಸೇರಿದಾಗ ಪಂತ್ ಪೇನ್ ಅವರ ಮಗುವನ್ನು ಎತ್ತಿಕೊಂಡು, ಪೇನ್ ಅವರ ಪತ್ನಿಯ ಪಕ್ಕದಲ್ಲಿ ನಿಂತ ಚಿತ್ರವನ್ನು ನೀವೂ ನೋಡಿರಬಹುದು. ಆಡಿದ ಮಾತು ಆಟ ಮುಗಿದ ಮೇಲೂ ಆಡಿದವರ ಮನೆಯೊಳಗೆ ಕೂರಬಲ್ಲದಾಗಿತ್ತು.

ಇನ್ನು ಸಿಡ್ನಿ. ಐದನೆಯ ದಿನ, ಭಾರತಕ್ಕೆ 407 ರನ್‌ಗಳ ಗುರಿ. ಪಂತ್ 97, ಪೂಜಾರ 77 ಹೊಡೆದು ಔಟಾದ ಮೇಲೆ ಉಳಿದದ್ದು ತೊಡೆಯ ಸ್ನಾಯು ಹರಿದುಕೊಂಡು ಓಡಲಾಗದ ಹನುಮ ವಿಹಾರಿ ಮತ್ತು ಬೆನ್ನುನೋವಿನಿಂದ ಬಗ್ಗಲಾಗದ ಅಶ್ವಿನ್. ಇವರಿಬ್ಬರು ನಲವತ್ತಕ್ಕೂ ಹೆಚ್ಚು ಓವರ್‌ಗಳನ್ನು ತಡೆದರು. ವಿಹಾರಿ 161 ಎಸೆತಗಳಲ್ಲಿ 23, ಅಶ್ವಿನ್ 128 ಎಸೆತಗಳಲ್ಲಿ 39. ಗೆಲುವು ಬೆರಳ ಸಂದಿಯಿಂದ ಸೋರಿಹೋಗುತ್ತಿರುವುದನ್ನು ಪೇನ್ ಅಷ್ಟೂ ಹೊತ್ತು ಸ್ಟಂಪಿನ ಹಿಂದೆ ಕುಳಿತು ನೋಡಬೇಕಾಗಿತ್ತು. ಆಗ ಅವರು ಅಶ್ವಿನ್ ಅವರಿಗೆ, ನಿನ್ನನ್ನು ಗಾಬಾ ಮೈದಾನಕ್ಕೆ ಕರೆತರಲು ಕಾಯುತ್ತಿದ್ದೇನೆ ಎಂದರು. ಬ್ರಿಸ್ಬೇನ್‌ನ ಆ ಮೈದಾನದಲ್ಲಿ ಆಸ್ಟ್ರೇಲಿಯಾ 1988ರಿಂದ ಟೆಸ್ಟ್ ಸೋತಿರಲಿಲ್ಲವಾದ್ದರಿಂದ ಇದು ತೂಕವಿದ್ದ, ಒಪ್ಪಬಹುದಾದ ಕೆಣಕು. ಅಶ್ವಿನ್ ಕೂಡ ಅಷ್ಟೇ ತೂಕದಲ್ಲಿ, ನಿನ್ನನ್ನು ಭಾರತಕ್ಕೆ ಕರೆಸಲು ನಾನೂ ಕಾಯುತ್ತಿದ್ದೇನೆ, ಅದೇ ನಿನ್ನ ಕೊನೆಯ ಸರಣಿ ಎಂದರು. ಇಲ್ಲಿಗೆ ನಿಂತಿದ್ದರೆ ಮೆಲ್ಬರ್ನ್‌ನಂತೆಯೇ ಇದೂ ನೆನಪಿನಲ್ಲಿ ಉಳಿಯುತ್ತಿತ್ತು.

ನಿಲ್ಲಲಿಲ್ಲ. ನನ್ನ ತಂಡದವರಿಗಾದರೂ ನಾನು ಇಷ್ಟ ಎಂದು ಹೇಳಿ ಪೇನ್ ಒಂದು ಹೊಲಸು ಬೈಗುಳ ಸೇರಿಸಿದರು. ನಿನ್ನ ಸಂಗಡಿಗರೇ ನಿನ್ನನ್ನು ದಡ್ಡ ಎಂದುಕೊಳ್ಳುತ್ತಾರೆ ಎಂಬಲ್ಲಿಗೆ ಮಾತು ಬೆಳೆಯಿತು. ಇಲ್ಲಿ ಬದಲಾದದ್ದು ಎರಡು. ಮಾತು ಆಟವನ್ನು ಬಿಟ್ಟು ಮನುಷ್ಯನ ಮೇಲೆ ಬಿತ್ತು. ನಿನ್ನನ್ನು ಯಾರೂ ಇಷ್ಟಪಡುವುದಿಲ್ಲ ಎಂಬುದಕ್ಕೆ ಅಶ್ವಿನ್ ಎಷ್ಟು ಗಂಟೆ ಬ್ಯಾಟ್ ಮಾಡಿದರೂ ಉತ್ತರವಾಗುವುದಿಲ್ಲ. ಜೊತೆಗೆ, ಮೆಲ್ಬರ್ನ್‌ನಲ್ಲಿ ಪೇನ್ ಮಾತನ್ನು ಆಡಿಸುತ್ತಿದ್ದರು, ಸಿಡ್ನಿಯಲ್ಲಿ ಸಿಟ್ಟು ಅವರನ್ನು ಆಡಿಸುತ್ತಿತ್ತು. ಕೀಪಿಂಗ್ ಮಾಡಿದವರಿಗೆ ಇದು ಬೇಗ ತಿಳಿಯುತ್ತದೆ: ಮಾತು ಕಿರಿದಾಗಿ, ವೇಗವಾಗಿ, ಬೌಲರ್ ಓಟ ಆರಂಭಿಸಿದರೂ ಮುಗಿಯದಂತಾದರೆ ಮಾತಾಡುವವನ ಗಮನವೇ ಚೆಂಡಿನಿಂದ ಜಾರಿದೆ ಎಂದರ್ಥ. ಸ್ವಲ್ಪ ಹೊತ್ತಿನಲ್ಲೇ ಸ್ಟಾರ್ಕ್ ಎಸೆತದಲ್ಲಿ ವಿಹಾರಿ ಕೊಟ್ಟ ಕ್ಯಾಚ್ ಪೇನ್ ಅವರ ಕೈಯಿಂದ ಜಾರಿತು. ಪಂತ್ ಅವರ ಎರಡು ಕ್ಯಾಚ್‌ಗಳು ಅದಕ್ಕೂ ಮೊದಲೇ ನೆಲ ಕಂಡಿದ್ದವು. ಪಂದ್ಯ ಡ್ರಾ ಆಯಿತು. ಬಾಯಿ ತೆರೆದು ಆಮೇಲೆ ಕ್ಯಾಚ್ ಬಿಟ್ಟರೆ ಮೂರ್ಖನಂತೆಯೇ ಕಾಣುತ್ತೇನೆ ಎಂದು ಅವರೇ ಮರುದಿನ ಒಪ್ಪಿಕೊಂಡರು. ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ಆದರೆ ಆ ಪಂದ್ಯದಲ್ಲಿ ಪೇನ್ ಅವರಿಗೆ ಬಿದ್ದ ದಂಡ, ಪಂದ್ಯಶುಲ್ಕದ ಶೇಕಡ 15, ಮೂರನೆಯ ದಿನ ಅಂಪೈರ್ ತೀರ್ಪಿಗೆ ಅಸಮ್ಮತಿ ತೋರಿದ್ದಕ್ಕೆ ಎಂಬುದನ್ನೂ ಗಮನಿಸಬೇಕು.

ಹಾಗಾದರೆ ಗೆರೆಯನ್ನು ಎಳೆಯುವವರು ಯಾರು? ಗೆರೆ ಎಲ್ಲಿದೆಯೆಂದು ನಮಗೆ ಗೊತ್ತು ಎಂದು ಆಸ್ಟ್ರೇಲಿಯಾ ತಂಡ ವರ್ಷಗಟ್ಟಲೆ ಹೇಳಿಕೊಂಡು ಬಂದಿತ್ತು. ಮಾತಾಡುವವನೇ ಎಳೆದ ಗೆರೆ ಅವನಿಗೆ ಎಂದೂ ಅಡ್ಡ ಬರುವುದಿಲ್ಲ. ಇದು 2008ರ ಸಿಡ್ನಿ ಟೆಸ್ಟ್‌ನಲ್ಲಿ ನಮಗೂ ಅನ್ವಯಿಸಿದ ಮಾತು, ಮತ್ತು ನಾವು ಸುಲಭವಾಗಿ ಮರೆಯುವ ಮಾತು. ಆ್ಯಂಡ್ರೂ ಸೈಮಂಡ್ಸ್ ಅವರನ್ನು ಕೋತಿ ಎಂದರೆಂಬ ಆರೋಪದಲ್ಲಿ ಹರ್ಭಜನ್ ಸಿಂಗ್ ಅವರಿಗೆ ಮೊದಲು ಮೂರು ಟೆಸ್ಟ್‌ಗಳ ನಿಷೇಧ ಬಿತ್ತು. ಮೇಲ್ಮನವಿ ವಿಚಾರಣೆಯಲ್ಲಿ ನ್ಯೂಜಿಲೆಂಡ್‌ನ ನ್ಯಾಯಮೂರ್ತಿ ಜಾನ್ ಹ್ಯಾನ್ಸೆನ್ ಜನಾಂಗೀಯ ನಿಂದನೆ ಸಾಬೀತಾಗಿಲ್ಲವೆಂದು ತೀರ್ಮಾನಿಸಿ, ನಿಂದನಾತ್ಮಕ ಮಾತಿಗಾಗಿ ಪಂದ್ಯಶುಲ್ಕದ ಅರ್ಧದಷ್ಟು ದಂಡ ವಿಧಿಸಿದರು. ನಮ್ಮ ಕಡೆಯ ವಾದದಲ್ಲಿ ಮುಖ್ಯವಾದದ್ದು, ಅಲ್ಲಿ ಕೇಳಿಸಿರಬಹುದಾದದ್ದು ಕೋತಿ ಎಂಬ ಪದವಲ್ಲ, ತಾಯಿಯನ್ನು ಹಿಡಿದು ಬೈಯುವ ಹಿಂದಿಯ ಪದ ಎಂಬುದು. ಅಂದು ನಾನೂ ಪಟಾಕಿ ಹಚ್ಚಿದವರ ಜೊತೆಗಿದ್ದೆ. ಬೈದದ್ದು ತಾಯಿಯನ್ನು ಮಾತ್ರ ಎಂಬುದು ಸಂಭ್ರಮದ ಕಾರಣವಾಗಿತ್ತಲ್ಲ ಎಂಬ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅದೇ ಪಂದ್ಯದಲ್ಲಿ ಬ್ರ್ಯಾಡ್ ಹಾಗ್, ಅನಿಲ್ ಕುಂಬ್ಳೆ ಮತ್ತು ಧೋನಿ ಅವರನ್ನು ಹಾದರಕ್ಕೆ ಹುಟ್ಟಿದವರು ಎಂಬರ್ಥದ ಇಂಗ್ಲಿಷ್ ಪದದಿಂದ ಕರೆದರೆಂದು ನಮ್ಮವರು ದೂರು ಕೊಟ್ಟಿದ್ದರು. ಆಸ್ಟ್ರೇಲಿಯಾದಲ್ಲಿ ಅದು ಗೆಳೆಯರ ನಡುವೆಯೂ ಸಲೀಸಾಗಿ ಓಡಾಡುವ ಪದ. ನಮ್ಮಲ್ಲಿ ಅದು ಹೆತ್ತವಳ ಮೇಲೆ ಬೀಳುವ ಮಾತು. ಪದದ ತೂಕ ಆಡಿದವನ ಊರಿನ ತಕ್ಕಡಿಯಲ್ಲಿ ಅಲ್ಲ, ಕೇಳಿದವನ ಊರಿನ ತಕ್ಕಡಿಯಲ್ಲಿ ತೂಗಬೇಕು. ನಾಯಕರಾಗಿದ್ದ ಕುಂಬ್ಳೆ, ಒಂದೇ ತಂಡ ಕ್ರೀಡಾ ಮನೋಭಾವದಿಂದ ಆಡುತ್ತಿತ್ತು ಎಂಬ ಒಂದು ವಾಕ್ಯದಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದರು, ಮುಂದಿನ ಪರ್ತ್ ಟೆಸ್ಟ್‌ಗೆ ಮೊದಲು ಹಾಗ್ ಮೇಲಿನ ದೂರನ್ನು ಹಿಂದಕ್ಕೆ ಪಡೆದರು, ಆ ಟೆಸ್ಟನ್ನು 72 ರನ್‌ಗಳಿಂದ ಗೆದ್ದರು.

ನಮ್ಮ ಲೀಗ್ ಪಂದ್ಯಗಳಲ್ಲಿ ಸ್ಟಂಪ್ ಮೈಕ್ ಇರುವುದಿಲ್ಲ. 2017ರ ಅಕ್ಟೋಬರ್‌ನಿಂದ ಕ್ರಿಕೆಟ್ ನಿಯಮಗಳಲ್ಲಿ ಆಟಗಾರರ ನಡತೆಗೆಂದೇ 42ನೆಯ ನಿಯಮವಿದೆ. ಹೊಲಸು ಅಥವಾ ಅವಮಾನಕರ ಮಾತಿಗೆ ಮೊದಲ ಸಲ ಎಚ್ಚರಿಕೆ, ಅದೇ ತಂಡ ಮತ್ತೆ ತಪ್ಪಿದರೆ ಎದುರಾಳಿಗೆ ಐದು ದಂಡದ ರನ್. ಆದರೆ ಅದನ್ನು ಜಾರಿಗೆ ತಂದ ಅಂಪೈರನ್ನು ನಾನು ನಮ್ಮ ಸುತ್ತಿನಲ್ಲಿ ಒಬ್ಬರನ್ನೂ ಕಂಡಿಲ್ಲ.

ಆ ನಿಯಮ ಬರುವುದಕ್ಕೆ ಬಹಳ ಮೊದಲು ಒಂದು ಪಂದ್ಯದಲ್ಲಿ ಎದುರಾಳಿ ತಂಡದ ಆರಂಭಿಕ ಆಟಗಾರ ಉಗ್ಗುತ್ತಿದ್ದ. ರನ್‌ಗೆ ಕರೆಯುವಾಗ ಅವನ ಕರೆ ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಹಿಂದಿನಿಂದ ಅವನ ಕರೆಯನ್ನು ಅವನಂತೆಯೇ ತಡೆತಡೆದು ಅನುಕರಿಸಿದೆ. ಸ್ಲಿಪ್‌ನಲ್ಲಿದ್ದವರು ನಕ್ಕರು. ಆಟದ ಕರೆಯ ಬಗ್ಗೆಯೇ ಮಾತಾಡುತ್ತಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕನೆಯ ಓವರ್‌ನಿಂದ ಅವನು ಕರೆಯುವುದನ್ನೇ ನಿಲ್ಲಿಸಿದ, ಏಳನೆಯ ಓವರ್‌ನಲ್ಲಿ ಇಬ್ಬರೂ ಒಂದೇ ತುದಿಯಲ್ಲಿ ನಿಂತು ಅವನು ರನ್‌ಔಟ್ ಆದ. ನಮ್ಮ ನಾಯಕ ಬಂದು ನನ್ನ ಬೆನ್ನು ತಟ್ಟಿದರು. ಮುಂದಿನ ಸೀಸನ್‌ನಲ್ಲಿ ಅದೇ ತಂಡ ಎದುರಾದಾಗ ಅವನು ಬ್ಯಾಟ್ ಮಾಡಲು ಬಂದ. ಬಾಯಿ ಬಿಡಲಿಲ್ಲ; ರನ್ ಬೇಕಾದಾಗ ಬಲಗೈ ಎತ್ತುತ್ತಿದ್ದ, ಬೇಡವಾದಾಗ ಅಂಗೈ ತೋರಿಸುತ್ತಿದ್ದ. ನಾನು ಇಡೀ ಇನಿಂಗ್ಸ್ ಅವನ ಹಿಂದೆ ಮೂರು ಅಡಿ ದೂರದಲ್ಲಿ ಕುಳಿತಿದ್ದೆ. ಕ್ಷಮೆ ಕೇಳಲು ನನಗೆ ಬಾಯಿ ಬಂದದ್ದು ಪಂದ್ಯ ಮುಗಿದು, ಅವನು ಕಿಟ್ ಬ್ಯಾಗ್ ಹೆಗಲಿಗೇರಿಸಿಕೊಂಡು ಬಸ್ ನಿಲ್ದಾಣದ ಕಡೆ ಹೊರಟಾಗ.